ಶನಿವಾರದ ಮೂರು ನಿಮಿಷದ ಮಾತಿಗೆ

ಮಣ್ಣಿನ ಇಂಗಾಲದ ಬಗ್ಗೆ ಮಾತಾಡುವವರೇ, ಕೇಳೋಕೆ ಬರುವವರು ವಿಜ್ಞಾನಿಗಳಲ್ಲ, ಹಾಗಾಗಿ ಒಂದೇ ಮಾತು ಹಿಡಿಯಿರಿ: ಗೊಬ್ಬರ ಹಾಕಿದರೆ ಮಣ್ಣಿನಲ್ಲಿ ಇಂಗಾಲ ಏರುತ್ತದೆ, ಆದರೆ ಏರುತ್ತಲೇ ಇರುವುದಿಲ್ಲ.

ಉದಾಹರಣೆಗೆ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ ಕೃಷಿ ಸಂಶೋಧನಾ ಕೇಂದ್ರದ ಗೋಧಿ ಹೊಲ ಸಾಕು. ಅಲ್ಲಿ ಒಂದು ತಾಕಿಗೆ 1843ರಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 35 ಟನ್ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ, ಇನ್ನೊಂದಕ್ಕೆ ಏನೂ ಇಲ್ಲ. ಈಗ ಗೊಬ್ಬರದ ತಾಕಿನಲ್ಲಿ ಇಂಗಾಲ ಎರಡರಷ್ಟಕ್ಕೂ ಜಾಸ್ತಿ. ಮೊದಮೊದಲು ಬೇಗ ಏರಿತು, ಆಮೇಲೆ ನಿಧಾನವಾಯಿತು. ಯಾಕೆ? ತೂತಿರುವ ಕೊಡದ ಹಾಗೆ, ಇಂಗಾಲ ತುಂಬಿದಷ್ಟೂ ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡೋದೂ ಜಾಸ್ತಿ.

'ಅಷ್ಟು ಗೊಬ್ಬರ ಎಲ್ಲಿಂದ?' ಅಂತ ಯಾರಾದರೂ ಕೇಳೇ ಕೇಳುತ್ತಾರೆ, ನ್ಯಾಯವೇ ಅಲ್ವಾ. ಬೇರೆ ಹೊಲದ ಮೇವೇ ಸಗಣಿಯಾಗಿ ಇಲ್ಲಿಗೆ ಬಂದದ್ದು, ಅದನ್ನೆಲ್ಲ ಈ ಹೊಲದ ಗಳಿಕೆ ಅಂತ ಸುಮ್ನೆ ಲೆಕ್ಕ ಹಾಕಬೇಡಿ.