ಚಿನ್ನುವಿನ ಪ್ರಶ್ನೆಗೆ ಉತ್ತರ

ಎಡಿನ್‌ಬರಾ
ಡಿಸೆಂಬರ್ 20

ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಇಲ್ಲೀಗ ಬೆಳಿಗ್ಗೆ ಎಂಟೂವರೆ ಆದರೂ ಸೂರ್ಯ ಇಲ್ಲ. ಅಷ್ಟು ಹೊತ್ತಿಗೆ ಮಡಿಕೇರಿಯಲ್ಲಿ ನೀನು ಊಟ ಮುಗಿಸಿ, ಕಣದಲ್ಲಿ ಕಾಫಿ ಕೆದಕುತ್ತಿರುತ್ತೀಯ.

ಮೊನ್ನೆ ಚಿನ್ನು ಫೋನಿನಲ್ಲಿ ಸೂರ್ಯನ ಶ್ಲೋಕ ಹೇಳುತ್ತಾ, "ಅತ್ತೆ, ಜಪಾ ಅಂದ್ರೆ ಜಪ ಮಾಡೋದಾ?" ಅಂತ ಕೇಳಿದಳು. ಉತ್ತರ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಇದನ್ನು ಅವಳಿಗೆ ಓದಿ ಹೇಳು.

ಜಪಾಕುಸುಮಸಂಕಾಶಂ ಕಾಶ್ಯಪೇಯಂ ಮಹಾದ್ಯುತಿಮ್ |
ತಮೋಽರಿಂ ಸರ್ವಪಾಪಘ್ನಂ ಪ್ರಣತೋಽಸ್ಮಿ ದಿವಾಕರಮ್ ||

ಜಪಾ ಅಂದರೆ ದಾಸವಾಳ, ಕುಸುಮ ಅಂದರೆ ಹೂವು, ಸಂಕಾಶ ಅಂದರೆ ಹಾಗೆ ಕಾಣುವವನು. ಬಾವಿಕಟ್ಟೆಯ ಹತ್ತಿರ ಇದೆಯಲ್ಲ ಐದೆಸಳಿನ ಕೆಂಪು ದಾಸವಾಳ, ಅದನ್ನು ಕಿತ್ತು ಅವಳ ಕೈಗೆ ಕೊಡು. ಮಂಜಿನ ಹಿಂದಿನಿಂದ ಮೇಲೇಳುವ ಸೂರ್ಯನಿಗೆ ಮಾತ್ರ ಆ ಬಣ್ಣ, ಮಧ್ಯಾಹ್ನದವನಿಗಿಲ್ಲ. ಇದು ಬೆಳಗಿನ ಶ್ಲೋಕ ಅನ್ನುವುದಕ್ಕೆ ನನಗೆ ಆ ಹೂವೇ ಸಾಕು.

ಕಾಶ್ಯಪೇಯ ಅಂದರೆ ಕಶ್ಯಪನ ಮಗ. ಕುಂತಿಯ ಮಗ ಕೌಂತೇಯ, ಗಂಗೆಯ ಮಗ ಗಾಂಗೇಯ ಆದ ಹಾಗೆ. ಮೊದಲ ಅಕ್ಷರ ಉದ್ದವಾಗುತ್ತದೆ, ಕೊನೆಗೆ 'ಏಯ' ಸೇರುತ್ತದೆ. ಮಹಾದ್ಯುತಿ ಅಂದರೆ ದೊಡ್ಡ ಬೆಳಕುಳ್ಳವನು.

ತಮಸ್ ಅಂದರೆ ಕತ್ತಲೆ, ಅರಿ ಅಂದರೆ ಶತ್ರು. ತಮಃ, ಅರಿ ಎರಡೂ ಕೂಡಿದಾಗ 'ತಮೋ' ಆಗಿ, ಅರಿಯ 'ಅ' ಬಿದ್ದುಹೋಗುತ್ತದೆ. ಬಿದ್ದ ಜಾಗದ ಗುರುತೇ ಆ ಡೊಂಕು ಗೆರೆ, ಽ. ಅದಕ್ಕೆ ಉಚ್ಚಾರವಿಲ್ಲ. ಚಿನ್ನು ಅದನ್ನು 'ಎಸ್' ಅಂದುಕೊಂಡಿದ್ದಾಳೆ!

ಸರ್ವಪಾಪಘ್ನ ಅಂದರೆ ಎಲ್ಲ ಪಾಪಗಳನ್ನೂ ಕೊಲ್ಲುವವನು. 'ಘ್ನ' ನಮಗೆ ಹೊಸದಲ್ಲ. ಮಾಡಿದ ಉಪಕಾರವನ್ನು ಕೊಂದವನೇ ಕೃತಘ್ನ.

ದಿವಾ ಅಂದರೆ ಹಗಲು. ದಿವಾಕರ, ಹಗಲನ್ನು ಮಾಡುವವನು. ಈ ಹೆಸರುಗಳ ಕೊನೆಯಲ್ಲಿರುವ ಸೊನ್ನೆಯೋ 'ಮ್' ಕಾರವೋ ನಮ್ಮ 'ಅನ್ನು' ಇದ್ದ ಹಾಗೆ. ಸಂಕಾಶಂ, ದಿವಾಕರಮ್, ಎಲ್ಲವೂ ಒಬ್ಬನೇ ಸೂರ್ಯನನ್ನು ತೋರಿಸುತ್ತವೆ. ಹಾಗಾಗಿ ಪದಗಳು ಎಲ್ಲೇ ಚೆದುರಿದ್ದರೂ ಅರ್ಥ ಕೆಡುವುದಿಲ್ಲ.

ಉಳಿದದ್ದು ಪ್ರಣತೋಽಸ್ಮಿ. ಪ್ರಣತಃ ಅಂದರೆ ಬಾಗಿದವನು, ಅಸ್ಮಿ ಅಂದರೆ ಆಗಿದ್ದೇನೆ. ಬಾಗಿದ'ವನು', ಗಮನಿಸಿದೆಯಾ? ಹೆಂಗಸು ಹೇಳುವುದಾದರೆ ಪ್ರಣತಾ ಸೇರಿ 'ಪ್ರಣತಾಸ್ಮಿ' ಆಗಬೇಕು. ಸಾಲಿಗೆ ಎರಡು ಪಾದ, ಪಾದಕ್ಕೆ ಎಂಟಕ್ಷರ. ಹಾಗೆ ಹೇಳಿದರೂ ಎಂಟೇ, ಛಂದಸ್ಸು ತಪ್ಪುವುದಿಲ್ಲ. ನೀನೂ ನಾನೂ ಇಷ್ಟು ವರ್ಷ ಗಂಡಸರ ಹಾಗೆಯೇ ಕೈಮುಗಿದಿದ್ದೇವೆ! ಶ್ಲೋಕ ಇದ್ದ ಹಾಗೆಯೇ ಹೇಳುವ ರೂಢಿಯೂ ಇದೆ, ತಪ್ಪೇನಲ್ಲ. ಚಿನ್ನುವಿಗೆ ಎರಡನ್ನೂ ಹೇಳಿಕೊಡು, ಅವಳೇ ಆರಿಸಿಕೊಳ್ಳಲಿ.

ಈ ಸಲ ಕಾಫಿ ಎಷ್ಟು ಚೀಲ ಆಯಿತು? ಅಪ್ಪನ ಮಂಡಿನೋವು ಹೇಗಿದೆ, ಬರೆ.

ನಿನ್ನ ಮಗಳು