ಏಳನೇ ತರಗತಿಯ ಓದಿನ ಗುಂಪುಗಳ ಬಗ್ಗೆ

ಪೋಷಕರಿಗೆ ನಮಸ್ಕಾರ.

ಏಳನೇ ತರಗತಿಯಲ್ಲಿ ಈಗ ಓದಿನ ಅವಧಿಗೆ ಮಕ್ಕಳು ಐದೈದು ಜನ ಸುತ್ತುಗಟ್ಟಿ ಕೂರುತ್ತಾರೆ. ಒಂದು ಪ್ಯಾರಾವನ್ನು ಅವರಲ್ಲೇ ಒಬ್ಬರು ನಡೆಸುತ್ತಾರೆ, ಮುಂದಿನ ಪ್ಯಾರಾಕ್ಕೆ ಇನ್ನೊಬ್ಬರ ಪಾಳಿ. "ಹುಡುಗರೇ ಪಾಠ ಮಾಡಿದ್ರ ಟೀಚರ್ ಏನ್ ಮಾಡ್ತಾರ್ರೀ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ನಮ್ಮ ಎಷ್ಟೋ ಮಕ್ಕಳು ತಡವರಿಸದೆ ಓದುತ್ತಾರೆ. ಪುಸ್ತಕ ಮುಚ್ಚಿ ಏನು ಓದಿದೆ ಅಂದರೆ ಸುಮ್ನೆ ನಿಲ್ಲುತ್ತಾರೆ. ಅಮೆರಿಕದ ಸಂಶೋಧಕಿಯರಾದ ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಇಂಥ ಮಕ್ಕಳಿಗಾಗಿಯೇ 'ಪರಸ್ಪರ ಬೋಧನೆ' ಎಂಬ ಈ ಕ್ರಮವನ್ನು ರೂಪಿಸಿ, ಅದರ ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಿದರು. ಅವರು ಕಲಿಸಿದ್ದೂ ಏಳನೇ ತರಗತಿಯವರಿಗೇ. ಪಾಳಿ ಬಂದ ಮಗು ನಾಲ್ಕು ಕೆಲಸ ನಡೆಸಬೇಕು. ಮುಂದೇನು ಬರಬಹುದೆಂದು ಊಹಿಸಬೇಕು, ಓದಿದ ಮೇಲೆ ಗೆಳೆಯರಿಗೆ ಪ್ರಶ್ನೆ ಕೇಳಬೇಕು, ತಿಳಿಯದ್ದನ್ನು ಎಲ್ಲರೂ ಸೇರಿ ಬಿಡಿಸಿಕೊಳ್ಳುವಂತೆ ಮಾಡಬೇಕು, ಕೊನೆಗೆ ಸಾರ ಹೇಳಬೇಕು.

ಒಂದು ಗುಂಪಿಗೆ ನಾವು ಕೊಟ್ಟ ಪ್ಯಾರಾ ಇದು: "ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ. ಒಡಲಿನದು ಹತ್ತಿ, ಸೆರಗಿನದು ರೇಷ್ಮೆ. ನೇಕಾರರು ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಆದ್ದರಿಂದ ಒಂದು ಸಲಕ್ಕೆ ಒಂದು ಸೀರೆಗೆ ಸಾಕಾಗುವಷ್ಟೇ ಹಾಸು ಹೂಡುತ್ತಾರೆ."

ನಡೆಸುತ್ತಿದ್ದ ಹುಡುಗಿ ಮೊದಲು ಕೇಳಿದ್ದು, "ಸೆರಗಿನ ಹಾಸು ಯಾವುದರದು?" ಎಲ್ಲರೂ ಒಟ್ಟಿಗೆ "ರೇಷ್ಮೆ" ಎಂದರು. ಇದು ತಪ್ಪು ಪ್ರಶ್ನೆಯಲ್ಲ. ಆದರೆ ಹಾಸು ಅಂದರೇನೆಂದು ತಿಳಿಯದವರೂ ಇದಕ್ಕೆ ಉತ್ತರ ಕೊಡಬಹುದು, ಅಲ್ವಾ? ಸಾಲಿನಲ್ಲಿರುವ ಪದವನ್ನು ಎತ್ತಿ ಹೇಳಿದರಾಯಿತು. ಪಕ್ಕದಲ್ಲಿದ್ದ ಟೀಚರ್ ಉತ್ತರ ವಿವರಿಸಲು ಹೋಗಲಿಲ್ಲ. "ನಾನಾಗಿದ್ದರೆ ಆ 'ಆದ್ದರಿಂದ' ಇದೆಯಲ್ಲ, ಅದರ ಬಗ್ಗೆ ಕೇಳುತ್ತಿದ್ದೆ" ಎಂದಷ್ಟೇ ಹೇಳಿದರು. ಹುಡುಗಿ ಸ್ವಲ್ಪ ಯೋಚಿಸಿ ಕೇಳಿದಳು: "ಉದ್ದ ಹಾಸು ಹೂಡಿ ಹತ್ತು ಸೀರೆ ಒಮ್ಮೆಲೇ ಯಾಕೆ ನೇಯಬಾರದು?"

ಈಗ ಗುಂಪು ಸಿಕ್ಕಿಹಾಕಿಕೊಂಡಿತು. ಉತ್ತರ ಯಾವ ಸಾಲಿನಲ್ಲೂ ನೇರವಾಗಿ ಇರಲಿಲ್ಲ. ಒಬ್ಬ ಹುಡುಗ "ಹಾಸು ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದ. ಮನೆಯಲ್ಲಿ ಮಗ್ಗ ಇರುವ ಹುಡುಗ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು, ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡ ಹೋಗೋದು ಹೊಕ್ಕು ಎಂದು ತೋರಿಸಿದ. ಆಮೇಲೆ ಅವರೇ ಬಿಡಿಸಿಕೊಂಡರು: ಹತ್ತಿಯ ಹಾಸು ಸೆರಗಿನ ಹತ್ತಿರ ಮುಗಿಯಲೇಬೇಕು, ಅಲ್ಲಿ ರೇಷ್ಮೆ ಎಳೆ ಕೂಡಿಸಬೇಕು. ಹಾಗಾಗಿ ಹತ್ತಿಯನ್ನು ಹತ್ತು ಸೀರೆಯ ಉದ್ದಕ್ಕೆ ಒಂದೇ ಸಮನೆ ಹೂಡುವ ಹಾಗಿಲ್ಲ. ಸಾರ ಎರಡೇ ಮಾತಿನಲ್ಲಿ ಬಂತು: "ಸೆರಗು ಬೇರೆ ಜೋಡಿಸ್ತಾರೆ. ಅದಕ್ಕೇ ಒಂದೊಂದೇ ಸೀರೆ."

ಟೀಚರ್ ಕೆಲಸ ಏನು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಮೊದಲ ದಿನಗಳಲ್ಲಿ ನಾಲ್ಕೂ ಕೆಲಸವನ್ನು ಅವರೇ ಗಟ್ಟಿಯಾಗಿ ಮಾಡಿ ತೋರಿಸುತ್ತಾರೆ. ಆಮೇಲೆ ಮಗುವಿಗೆ ಬಿಟ್ಟು, ಎಡವಿದಲ್ಲಿ ಒಂದು ಮಾತು ಸೇರಿಸುತ್ತಾರೆ. ಮಗುವಿನ ಕೈಲಾದಂತೆಲ್ಲ ಹಿಂದೆ ಸರಿಯುತ್ತಾರೆ. ಬೇಗ ಸರಿದರೆ ಮಕ್ಕಳು "ರೇಷ್ಮೆ" ಥರದ ಪ್ರಶ್ನೆಯಲ್ಲೇ ಉಳಿಯುತ್ತಾರೆ. ನನ್ನ ಪ್ರಕಾರ ಈ ಕ್ರಮ ಕೆಡುವುದು ಜಾಸ್ತಿ ಇಲ್ಲಿಯೇ: ನಾಲ್ಕೂ ಕೆಲಸ ಪಟಪಟ ಮುಗಿಯುತ್ತವೆ, ಯಾರೂ "ತಿಳಿಲಿಲ್ಲ" ಅನ್ನುವುದಿಲ್ಲ. ಸಾರ ಪ್ಯಾರಾದಷ್ಟೇ ಉದ್ದ ಇರುತ್ತದೆ. ಅಂಥ ಗುಂಪು ಕಂಡರೆ ಟೀಚರ್ ಮತ್ತೆ ನಡುವೆ ಕೂರಬೇಕು.

ಅಕ್ಷರ ಕೂಡಿಸಿ ಓದಲು ಇನ್ನೂ ಕಷ್ಟಪಡುವ ಮಕ್ಕಳಿಗೆ ಇದೊಂದೇ ಸಾಲದು. ಅವರಿಗೆ ಓದಿನ ಅಭ್ಯಾಸ ಬೇರೆಯಾಗಿ ನಡೆದಿದೆ. ಮುಂದಿನ ಪರೀಕ್ಷೆಯಲ್ಲೇ ಅಂಕ ಏರುತ್ತದೆಂದೂ ನಾನು ಹೇಳಲಾರೆ. ಈ ಕ್ರಮದ ಬಗೆಗಿನ ಅಧ್ಯಯನಗಳನ್ನು 1994ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಸಂಶೋಧಕರೇ ತಯಾರಿಸಿದ ಪರೀಕ್ಷೆಗಳಲ್ಲಿ ಪ್ರಗತಿ ದೊಡ್ಡದಾಗಿ ಕಂಡಿತ್ತು, ಸಾಮಾನ್ಯ ಓದಿನ ಪರೀಕ್ಷೆಗಳಲ್ಲಿ ಕಡಿಮೆ.

ಮನೆಯಲ್ಲಿ ಮಗು ಪಾಠ ಓದಿ ಮುಗಿಸಿದಾಗ ನೀವು ಪ್ರಶ್ನೆ ಕೇಳಬೇಡಿ, ನಿಮಗೇ ಒಂದು ಪ್ರಶ್ನೆ ಕೇಳಲು ಹೇಳಿ. ನಿಮಗೆ ಓದು ಬಾರದಿದ್ದರೂ ಇದು ಆಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, "ನೀನೇ ಹೇಳು" ಅನ್ನಿ. ಮಗು "ಯಾರು, ಎಲ್ಲಿ" ಅಂತಲೇ ಕೇಳುತ್ತಿದ್ದರೆ "ಯಾಕೆ ಅಂತ ಕೇಳು ನೋಡೋಣ" ಎಂದು ಹೇಳಿ.

ಶನಿವಾರ ಬೆಳಗಿನ ಶಾಲೆಯಲ್ಲಿ ಮೊದಲ ಅವಧಿ ಇದಕ್ಕೇ ಇದೆ. ಬಂದು ಯಾವುದಾದರೂ ಗುಂಪಿನ ಪಕ್ಕ ಕುಳಿತು ನೋಡಿ. ಮೊದಲೇ ತಿಳಿಸಬೇಕಾಗಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಇಳಕಲ್, ಬಾಗಲಕೋಟೆ ಜಿಲ್ಲೆ