23 ದಿನದ ಲೆಕ್ಕ

ಮೊನ್ನೆ ಕಾಲೇಜಿಗೆ ಹೋಗಿ ಬಿ.ಕಾಂ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ತಂದೆ. ಬಸ್ಸಿನಲ್ಲಿ ಕೂತು ಅದನ್ನು ನಾಲ್ಕು ಸಲ ತೆಗೆದು ನೋಡಿದೆ. ಮನೆಗೆ ಬಂದು ಅಪ್ಪನಿಗೆ ಕೊಟ್ಟಾಗ ಅವರು ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡು ಆಮೇಲೆ ಮುಟ್ಟಿದರು. ಥ್ಯಾಂಕ್ಸ್ ಹೇಳಬೇಕಾದವರು ಊರಲ್ಲಿ ತುಂಬಾ ಜನ ಇದ್ದಾರೆ. ಎದುರು ನಿಂತು ಹೇಳೋಕೆ ಹೋದರೆ ಗಂಟಲು ಕಟ್ಟುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸೋಮವಾರಪೇಟೆ ತಾಲ್ಲೂಕು, ಪುಷ್ಪಗಿರಿ ಕಡೆಯ ಊರು. ಎರಡು ಎಕರೆ ಅರೇಬಿಕಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. 2023ರ ಮಾರ್ಚ್‌ನಲ್ಲಿ ಅಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ತೊಡೆಯ ಮೂಳೆ ಮುರಿದು ಒಳಗೆ ರಾಡ್ ಹಾಕಿದರು. ನಾನು ಆಗ ಮೊದಲ ವರ್ಷದ ಬಿ.ಕಾಂ. ಹೇಗೋ ಪರೀಕ್ಷೆ ಬರೆದೆ. ಮಳೆಗಾಲ ಕಳೆಯುವ ಹೊತ್ತಿಗೆ ಅಪ್ಪ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು, ಅಷ್ಟೇ. ಎರಡನೇ ವರ್ಷಕ್ಕೆ ಫೀಸು ಕಟ್ಟುವ ದಿನ ಹತ್ತಿರ ಬಂದಾಗ ಅಜ್ಜಿ ಹೇಳಿದರು, "ಇನ್ನು ಸಾಕು ಮಗ. ಈ ಸಲ ಕಾಫಿ ಕೊಯ್ಯೋರು ಯಾರು?" ಅಪ್ಪ ಏನೂ ಮಾತಾಡಲಿಲ್ಲ. ಅವರು ಸುಮ್ಮನಿದ್ದರೆ ಅಜ್ಜಿಯ ಮಾತಿಗೆ ಒಪ್ಪಿದ್ದಾರೆ ಅಂತಲೇ ಅರ್ಥ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅತ್ತು ಕರೆದು ಒಂದು ದಿನ ಊಟ ಬಿಟ್ಟೆ. ಅವ್ವನಿಗೆ ಸಂಕಟ ಆಯಿತೇ ಹೊರತು ಯಾರ ಮನಸ್ಸೂ ಬದಲಾಗಲಿಲ್ಲ. ನಮ್ಮ ಅಕೌಂಟ್ಸ್ ಮೇಡಂಗೆ ಫೋನ್ ಮಾಡಿ ಕಾಲೇಜು ಬಿಡುತ್ತಿದ್ದೇನೆ ಅಂದೆ. ಅವರು ಸಮಾಧಾನ ಹೇಳಲಿಲ್ಲ. "ಯಾಕೆ ಬೇಡ ಅಂತಾರೆ? ಅವರು ಹೇಳೋ ಒಂದೊಂದು ಕಾರಣವನ್ನೂ ಒಂದು ಹಾಳೆಯಲ್ಲಿ ಬರಿ. ಅದರ ಮುಂದೆ ಎಷ್ಟು ದಿನ, ಎಷ್ಟು ದುಡ್ಡು ಅಂತ ಬರಿ. ಬರೆದ ಮೇಲೆ ಫೋನ್ ಮಾಡು" ಅಂದರು. ಜೊತೆಗೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದರು. ಹಾಜರಾತಿ 75 ಶೇಕಡಾ ಇರಲೇಬೇಕು, ಕಾಫಿ ಕೊಯ್ಲು ಅಂತ ಒಂದೂವರೆ ತಿಂಗಳು ರಜೆ ಹಾಕಿದರೆ ಪರೀಕ್ಷೆಗೆ ಕೂರಿಸೋಕೆ ಆಗಲ್ಲ ಅಂತ. ಅದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಅರ್ಧ ಅಲ್ಲಿ, ಅರ್ಧ ಇಲ್ಲಿ ಅನ್ನುವ ಯೋಚನೆ ನನ್ನ ತಲೆಯಲ್ಲಿ ಇತ್ತು. ಅದು ಅಲ್ಲಿಗೇ ಹೋಯಿತು. ಮೇಡಂ, ನಿಮಗೆ ಮೊದಲ ನಮಸ್ಕಾರ.

ಅಪ್ಪನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಪ್ರತಿ ವರ್ಷ ಯಾವ ದಿನ ಎಷ್ಟು ಆಳು ಬಂದರು, ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ರಾತ್ರಿ ಅದನ್ನು ಬಿಡಿಸಿ ಕೂತೆ. ಒಬ್ಬರ ಒಂದು ದಿನದ ಕೆಲಸಕ್ಕೆ ಒಂದು ಆಳು ಅಂತ ಲೆಕ್ಕ. ಹಿಂದಿನ ವರ್ಷ ಮೂರು ಸುತ್ತು ಕೊಯ್ಲಿಗೆ ಒಟ್ಟು 66 ಆಳು ಹಿಡಿದಿತ್ತು. ಅದರಲ್ಲಿ ಅವ್ವನದ್ದು 28. ಅಪ್ಪ ಒಬ್ಬರೇ ಮಾಡಿದ್ದು 32. ಉಳಿದ 6 ಕೂಲಿಯವರದ್ದು. ಅಂದರೆ ಈ ಸಲ ತುಂಬಬೇಕಾದ ಜಾಗ ಆ 32 ದಿನ. ಮನೆಯವರು ಒಂದು ವರ್ಷ, ಆಮೇಲೆ ಇಡೀ ಓದು ಬಿಡು ಅಂತ ಹೇಳುತ್ತಿದ್ದದ್ದು ಈ 32 ದಿನಕ್ಕೋಸ್ಕರ.

ಕ್ಯಾಲೆಂಡರ್ ಇಟ್ಟುಕೊಂಡು ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಎಣಿಸಿದೆ. ಕಾಲೇಜಿಗೆ ಹೋದರೂ ಭಾನುವಾರಗಳು, ಹುತ್ತರಿ, ಕ್ರಿಸ್‌ಮಸ್ ಎಲ್ಲಾ ಸೇರಿ 9 ರಜೆಯ ದಿನ ನಾನು ತೋಟದಲ್ಲಿ ಇರಬಹುದು. ಉಳಿದದ್ದು 23 ದಿನ. ಆಗ ನಮ್ಮ ಕಡೆ ದಿನಕ್ಕೆ 450 ರೂಪಾಯಿ ಕೂಲಿ. ಒಟ್ಟು 10,350 ರೂಪಾಯಿ.

ಮರುದಿನ ರಾತ್ರಿ ಊಟ ಆದಮೇಲೆ ಇದನ್ನು ಗಟ್ಟಿಯಾಗಿ ಓದಿದೆ. ಕೈ ನಡುಗುತ್ತಿತ್ತು. ಅಪ್ಪ ಕೇಳಿಸಿಕೊಂಡರು. ಅಜ್ಜಿಗೆ ಮಾತ್ರ ಸಿಟ್ಟು ಬಂತು. "ನೀನೇನು ಆಳಿನ ಲೆಕ್ಕಕ್ಕೆ ಬರ್ತೀಯ? ನಿಮ್ಮವ್ವ ದಿನಕ್ಕೆ 50 ಕೆ.ಜಿ. ಕೊಯ್ತಾಳೆ. ನೀನು 35 ದಾಟಿದ್ದು ನಾನು ನೋಡಿಲ್ಲ. ಅದರಲ್ಲೂ ಹಸಿ ಕಾಯಿ ಬೇರೆ!"

ಅಜ್ಜಿ ಹೇಳಿದ್ದು ನಿಜ. ಅರೇಬಿಕಾದಲ್ಲಿ ಕೆಂಪಾದ ಹಣ್ಣನ್ನು ಮಾತ್ರ ಒಂದೊಂದಾಗಿ ಬಿಡಿಸಬೇಕು. ಪಕ್ಕದ ಹಸಿರು ಕಾಯಿಯನ್ನು ಮುಂದಿನ ಸುತ್ತಿಗೆ ಬಿಡಬೇಕು. ಅವಸರ ಮಾಡಿದರೆ ಗೊಂಚಲು ಸಮೇತ ಕೈಗೆ ಬರುತ್ತೆ. ಹಸಿ ಕಾಯಿ ಕಣದಲ್ಲಿ ಒಣಗಿದ ಮೇಲೆ ಸುಕ್ಕುಗಟ್ಟಿ, ಬಣ್ಣಗೆಟ್ಟು ಕಾಣುತ್ತೆ. ಕೊಳ್ಳುವವರು ಚೀಲಕ್ಕೆ ಕೈ ಹಾಕಿದ ಕೂಡಲೇ ಅದನ್ನೇ ಎತ್ತಿ ತೋರಿಸಿ ರೇಟು ಇಳಿಸುತ್ತಾರೆ. ನನ್ನ ಕೈಗೆ ಆ ಅಭ್ಯಾಸ ಇರಲಿಲ್ಲ.

ಆದರೆ ಅಜ್ಜಿ ಬೈದ ಮಾತೇ ನನಗೆ ದಾರಿ ಮಾಡಿಕೊಟ್ಟಿತು. ಅಲ್ಲೇ ಕೂತು ಮತ್ತೆ ಲೆಕ್ಕ ಹಾಕಿದೆ. ನಾನು 23 ದಿನ, ದಿನಕ್ಕೆ 35 ಕೆ.ಜಿ. ಕೊಯ್ದರೆ 805 ಕೆ.ಜಿ. ಅವ್ವನಂಥ ಕೈಗೆ ಅದು ಬರೀ 16 ದಿನದ ಕೆಲಸ. "ಅಜ್ಜಿ, ಹಾಗಾದರೆ ನಾನು ಕಾಲೇಜು ಬಿಟ್ಟು ಮನೆಯಲ್ಲಿ ಕೂತರೆ ಉಳಿಯೋದು 16 ಆಳಿನ ಕೂಲಿ. 7,200 ರೂಪಾಯಿ" ಅಂದೆ. ಅಜ್ಜಿ ನನ್ನ ಮುಖ ನೋಡಿದರು. ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿ ಕೆಳಗಿಟ್ಟು, "ಇನ್ನೊಂದ್ಸಲ ಹೇಳು" ಅಂದರು. ನನ್ನ ಓದಿನ ದಿಕ್ಕು ತಿರುಗಿದ್ದು ಆ ಕ್ಷಣದಲ್ಲಿ ಅಂತ ನಾನು ಇವತ್ತಿಗೂ ನಂಬುತ್ತೇನೆ. ಅಜ್ಜಿ, ನಿಮ್ಮ ಬೈಗುಳಕ್ಕೆ ನನ್ನ ನಮಸ್ಕಾರ.

ಆದರೆ ಆ 7,200 ಕೂಡ ನಮ್ಮ ಮನೆಯಲ್ಲಿ ಇರಲಿಲ್ಲ. ಆಸ್ಪತ್ರೆಯ ಸಾಲವೇ ತೀರಿರಲಿಲ್ಲ. ಆಗ ಅವ್ವ ಮೊದಲ ಸಲ ಬಾಯಿಬಿಟ್ಟರು. "ಮುಯ್ಯಾಳು ಕೇಳಿದ್ರೆ ಆಗಲ್ವಾ?"

ಮುಯ್ಯಾಳು ಅಂದರೆ ಇವತ್ತು ನೀವು ನಮ್ಮಲ್ಲಿ ದುಡಿದರೆ ನಾಳೆ ನಾವು ನಿಮ್ಮಲ್ಲಿ ದುಡಿಯುವುದು. ದುಡ್ಡಿನ ಮಾತಿಲ್ಲ, ದಿನಕ್ಕೆ ದಿನ. ಗದ್ದೆ ನಾಟಿಗೆ ಎಲ್ಲರೂ ಮಾಡುತ್ತಿದ್ದರು. ಕಾಫಿಗೆ ಮಾಡುವುದು ಕಷ್ಟ, ಯಾಕೆಂದರೆ ಎಲ್ಲರ ಹಣ್ಣೂ ಒಂದೇ ಸಲ ಕೆಂಪಾಗುತ್ತೆ. ಆದರೆ ಮೇಲಿನ ಮನೆ ಅತ್ತೆಯವರದ್ದು ರೊಬಸ್ಟಾ. ಅದು ಹಣ್ಣಾಗುವುದು ನಮ್ಮ ಅರೇಬಿಕಾ ಮುಗಿದ ಮೇಲೆ, ಜನವರಿ ಕೊನೆಗೆ, ಫೆಬ್ರವರಿಗೆ. ಡಿಸೆಂಬರಿನಲ್ಲಿ ಅವರ ಕೈ ಖಾಲಿ, ಫೆಬ್ರವರಿಯಲ್ಲಿ ನಮ್ಮ ಕೈ ಖಾಲಿ. ಇಷ್ಟು ವರ್ಷ ಬೇಲಿಯ ಆಚೆ ಈಚೆ ಇದ್ದೂ ನಮಗೆ ಇದು ಹೊಳೆದಿರಲಿಲ್ಲ. ರೊಬಸ್ಟಾದಲ್ಲಿ ನನ್ನಂಥವಳ ಕೈಯೂ ನಡೆಯುತ್ತೆ, ಗೊಂಚಲು ಹೆಚ್ಚುಕಮ್ಮಿ ಒಟ್ಟಿಗೆ ಹಣ್ಣಾಗಿರುತ್ತೆ, ಕೆಳಗೆ ಟಾರ್ಪಲ್ ಹಾಸಿ ಉದುರಿಸಬಹುದು.

ಅವ್ವ, ನಾನು ಇಬ್ಬರೂ ಅತ್ತೆ ಮನೆಗೆ ಹೋದೆವು. ಅತ್ತೆ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಕಾಫಿ ಲೋಟ ಕೈಗೆ ಕೊಟ್ಟು, "16 ಆಳು ತಾನೇ? ನಾನು, ನನ್ನ ಸೊಸೆ ಎಂಟೆಂಟು ದಿನ ಬಂದರೆ ಮುಗೀತು" ಅಂದರು. ಅತ್ತೆ, ಆ ಡಿಸೆಂಬರಿನಲ್ಲಿ ನಿಮಗೆ ಬೆನ್ನುನೋವು ಇತ್ತು. ಆದರೂ ಸೊಂಟಕ್ಕೆ ಚೀಲ ಕಟ್ಟಿಕೊಂಡು, ಇಬ್ಬನಿ ಆರುವ ಮೊದಲೇ ನಮ್ಮ ತೋಟಕ್ಕೆ ಇಳಿಯುತ್ತಿದ್ದಿರಿ. ನಾನು ಬಸ್ಸಿಗೆ ಓಡುವಾಗ ಗಿಡಗಳ ಮಧ್ಯದಿಂದ "ಬುತ್ತಿ ತಗೊಂಡ್ಯಾ?" ಅಂತ ಕೂಗುತ್ತಿದ್ದಿರಿ. ಆ ದನಿ ಈಗಲೂ ಕಿವಿಯಲ್ಲಿದೆ.

ಇಷ್ಟೆಲ್ಲಾ ಆದಮೇಲೂ ಅಪ್ಪ ಹೂಂ ಅನ್ನಲಿಲ್ಲ. ಎರಡು ದಿನ ಬಿಟ್ಟು ಅವರು ಹೇಳಿದ ಕಾರಣ ನನ್ನ ಹಾಳೆಯಲ್ಲಿ ಇರಲೇ ಇಲ್ಲ. "ಸಂಜೆ ಕ್ರಾಸಿಂದ ನಿನ್ನ ಕರ್ಕೊಂಡು ಬರೋರು ಯಾರು?"

ಮೊದಲ ವರ್ಷ ಪೂರ್ತಿ ಅಪ್ಪನೇ ಬೈಕಿನಲ್ಲಿ ಬರುತ್ತಿದ್ದರು. ಕುಶಾಲನಗರದಲ್ಲಿ ಕಾಲೇಜು ಬಿಟ್ಟು, ಸೋಮವಾರಪೇಟೆಯಲ್ಲಿ ಬಸ್ಸು ಬದಲಿಸಿ ನಮ್ಮ ಕ್ರಾಸ್ ತಲುಪುವಾಗ ಆರೂಕಾಲು. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲು. ಕ್ರಾಸಿನಿಂದ ಮನೆಗೆ ಒಂದೂವರೆ ಕಿಲೋಮೀಟರ್, ಒಂದು ಬದಿ ಕಾಡು. ಆನೆ ಓಡಾಡುವ ದಾರಿ. ಅಪ್ಪ ಇಷ್ಟು ದಿನ ಬಾಯಿಬಿಡದೆ ಇದ್ದದ್ದು ಇದಕ್ಕೆ. ತನ್ನ ಕಾಲು ಸರಿ ಇಲ್ಲ ಅಂತ ಮಗಳ ಎದುರು ಹೇಳೋಕೆ ಅವರಿಗೆ ಆಗಲಿಲ್ಲ. ಅದು ಅರ್ಥವಾದಾಗ ನನಗೆ ವಾದ ಮಾಡುವ ಮನಸ್ಸೇ ಹೋಯಿತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಮಿಲಿಟರಿ ದೊಡ್ಡಪ್ಪ. ಅವರು ಸಂಜೆ ಹಾಲು ಹಾಕೋಕೆ ಕ್ರಾಸಿನ ಡೈರಿಗೆ ಬರುತ್ತಾರೆ, ಐದೂವರೆಗೆ ಕೆಲಸ ಮುಗಿಯುತ್ತೆ. ಮುಂದಿನ ಎರಡು ವರ್ಷ ಅವರು ಅಲ್ಲೇ ಕಟ್ಟೆಯ ಮೇಲೆ ಬಸ್ಸು ಬರುವವರೆಗೂ ಕೂತಿದ್ದರು. ಆನೆ ಕಂಡ ಸುದ್ದಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದ ದಿನ ನನ್ನನ್ನು ಡೈರಿಯ ಒಳಗೇ ಕೂರಿಸಿ, ಯಾರದಾದರೂ ಜೀಪು ಬಂದಮೇಲೆ ಹತ್ತಿಸುತ್ತಿದ್ದರು. ಅವರ ಟಾರ್ಚಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾರೆ, ಮಳೆಯಲ್ಲಿ ಕೈ ಜಾರಬಾರದು ಅಂತ. ಒಂದೂವರೆ ಕಿಲೋಮೀಟರ್ ಪೂರ್ತಿ ಆ ಬೆಳಕನ್ನು ನನ್ನ ಕಾಲಿನ ಮುಂದೆಯೇ ಹಿಡಿಯುತ್ತಿದ್ದರು, ತಮ್ಮ ಕಾಲಿನ ಮುಂದಲ್ಲ. ದೊಡ್ಡಪ್ಪ, ನಿಮ್ಮ ಋಣ ಹೇಗೆ ತೀರಿಸಲಿ?

ಇನ್ನು ಖರ್ಚು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲವಾದ್ದರಿಂದ ದೊಡ್ಡ ಭಾರ ಇಳಿದಿತ್ತು. ಬೆಳಿಗ್ಗೆ ಊರಿನ ಖಾಸಗಿ ಬಸ್ಸಿಗೆ ಮಾತ್ರ ಕೊಡಬೇಕಿತ್ತು. ಸ್ಕಾಲರ್‌ಶಿಪ್ ಮೊದಲ ವರ್ಷ ಬಂದೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಸಾಲದ್ದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಪಾಸ್‌ಬುಕ್ ಇದ್ದರೆ ಸಾಕು ಅಂದುಕೊಂಡಿದ್ದೆ. ಬ್ಯಾಂಕಿಗೆ ಹೋಗಿ ಬೇರೆ ಫಾರಂ ಕೊಟ್ಟು ಜೋಡಣೆ ಮಾಡಿಸಿದರೆ ಮಾತ್ರ ಸರ್ಕಾರದ ದುಡ್ಡು ಆ ಖಾತೆಗೆ ಬರುತ್ತಿತ್ತು. ಇದನ್ನು ಬಿಡಿಸಿ ಹೇಳಿದವರು ನಾಡಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಅಣ್ಣ. ಆದಾಯ ಪ್ರಮಾಣಪತ್ರಕ್ಕೆ ಅಂತ ಹೋದವಳನ್ನು ನಿಲ್ಲಿಸಿ, ಎಲ್ಲಾ ಕಾಗದ ಸಾಲಾಗಿ ಜೋಡಿಸಿ ತೋರಿಸಿದರು. ಅಣ್ಣ, ಎರಡನೇ ವರ್ಷ ಸ್ಕಾಲರ್‌ಶಿಪ್ ಬಂತು. ಆ ದಿನ ಹೇಳೋಕೆ ಬಂದಾಗ ನೀವು ರಜೆಯಲ್ಲಿದ್ದಿರಿ.

ಫೀಸು ಕಟ್ಟಿದ ದಿನ ಅಪ್ಪ ಕೋಲು ಊರಿಕೊಂಡು ಒಳಗೆ ಹೋಗಿ ಆ ಉದ್ದನೆಯ ನೋಟ್‌ಬುಕ್ ತಂದರು. ಹೊಸ ಪುಟದ ಮೇಲೆ ವರ್ಷ ಬರೆದು, ಕೆಳಗೆ "ಮುಯ್ಯಿ, ಮೇಲಿನ ಮನೆ, 16" ಅಂತ ಬರೆದರು. ಅದರ ಪಕ್ಕದಲ್ಲಿ ನನ್ನ ಹೆಸರು. ಬೇರೇನೂ ಹೇಳಲಿಲ್ಲ.

ಆ ಪುಟದಂಥದ್ದು ಈಗ ಇನ್ನೊಂದು ಇದೆ, ಕೊನೆಯ ವರ್ಷದ್ದು. ಮೊನ್ನೆ ಅಂಕಪಟ್ಟಿ ಇಡೋಕೆ ಅಂತ ಅಪ್ಪ ನೋಟ್‌ಬುಕ್ ಬಿಡಿಸಿದಾಗ ನೋಡಿದೆ. ಹೋದ ಫೆಬ್ರವರಿಯಲ್ಲಿ ನನಗೆ ಇಂಟರ್ನಲ್ಸ್ ಇದ್ದದ್ದರಿಂದ ಎರಡು ಆಳು ತೀರದೆ ಉಳಿದಿದೆ. ಅತ್ತೆ, ನೀವು ಕೇಳಿಲ್ಲ, ಕೇಳುವವರೂ ಅಲ್ಲ. ನಿಮ್ಮ ರೊಬಸ್ಟಾ ಹಣ್ಣಾದ ಕೂಡಲೇ ಒಂದು ಮಾತು ಕೂಗಿ. ನಾನೇ ಚೀಲ ತಗೊಂಡು ಬರುತ್ತೇನೆ.